ಮೊಲ ಇಳಿಯುವಾಗ ಲಿಂಕ್ಸ್ ಏಕೆ ಏರುತ್ತದೆ? ಆ ಜೋಡಿ ಗ್ರಾಫ್ ಓದಿದವರು ಹೇಳಿ

ಕಾವ್ಯ: ಮುಂದಿನ ವಾರ ಇಕಾಲಜಿ ಪರೀಕ್ಷೆ. ಪರಭಕ್ಷಕ ಮತ್ತು ಬಲಿಪ್ರಾಣಿಯ ಎರಡು ಅಲೆಗಳಿರುವ ಗ್ರಾಫ್ ಕೊಟ್ಟು, ಹೆಸರು ಅಳಿಸಿ, ಯಾವ ಗೆರೆ ಯಾವುದು ಅಂತ ಕೇಳುತ್ತಾರೆ. ಹೋದ ಸಲ ಪೂರ್ತಿ ಉಲ್ಟಾ ಬರೆದೆ. ಮೊಲ ಕಡಿಮೆಯಾಗುತ್ತಿರುವಾಗಲೂ ಅದನ್ನು ತಿನ್ನುವ ಕಾಡುಬೆಕ್ಕು ಲಿಂಕ್ಸ್ ಏರುತ್ತಲೇ ಇರುತ್ತದಲ್ಲ, ಅದೂ ಅರ್ಥವಾಗಲಿಲ್ಲ. ನೀವೆಲ್ಲ ಹೇಗೆ ಓದುತ್ತೀರಿ?

ಹರೀಶ್: ಸುಲಭ ಕಾವ್ಯ. ಮೇಲಿರುವ ಗೆರೆ ಬಲಿಪ್ರಾಣಿ, ಕೆಳಗಿರುವುದು ಪರಭಕ್ಷಕ. ತಿನ್ನುವವರಿಗಿಂತ ತಿನ್ನಿಸಿಕೊಳ್ಳುವವರು ಯಾವಾಗಲೂ ಜಾಸ್ತಿ ಇರಲೇಬೇಕು, ಅಲ್ವಾ? ಮೊಲ ಮೊದಲು ಏರುತ್ತದೆ, ಲಿಂಕ್ಸ್ ಹಿಂದೆ ಬರುತ್ತದೆ. ನಾನು ಹೀಗೇ ಬರೆದು ಪೂರ್ತಿ ಅಂಕ ತಗೊಂಡಿದ್ದೇನೆ.

ಶಾರದಾ: ಹರೀಶ್, ನಿಮ್ಮ ಎರಡನೇ ಮಾತು ಸರಿ, ಮೊದಲನೆಯದನ್ನು ನಂಬಿ ಹೋಗಬೇಡಿ. ಈ ಗ್ರಾಫ್‌ಗೆ ಎಷ್ಟೋ ಸಲ ಎರಡು ಲಂಬ ಅಕ್ಷ ಇರುತ್ತವೆ. ಎಡಗಡೆ ಮೊಲದ ಅಳತೆ, ಬಲಗಡೆ ಲಿಂಕ್ಸ್‌ನ ಅಳತೆ. ಬಲಗಡೆಯ ಅಳತೆ ಹಿಗ್ಗಿಸಿದರೆ ಲಿಂಕ್ಸ್ ಗೆರೆಯೇ ಮೇಲೆ ಹೋಗಿ ಕೂರುತ್ತದೆ. ಒಂದೇ ಅಳತೆಯಲ್ಲಿ ಬರೆದಾಗಲೂ ಕೆಲವು ವರ್ಷ ಲಿಂಕ್ಸ್ ಮೇಲಿರುತ್ತದೆ. ಹಾಗಾಗಿ ಎತ್ತರ ಬಿಡಿ, ಶಿಖರಗಳ ಸರದಿ ನೋಡಿ.

ಕೆನಡಾದ ತುಪ್ಪಳ ವ್ಯಾಪಾರದ ಲೆಕ್ಕವನ್ನೇ ತಗೊಳ್ಳಿ, ಪುಸ್ತಕಗಳಲ್ಲಿ ಬರುವುದು ಅದೇ. ಸಾವಿರಗಳಲ್ಲಿ ಹೇಳುತ್ತೇನೆ. 1902ರಲ್ಲಿ ಮೊಲ 70, ಲಿಂಕ್ಸ್ ಬರೀ 10. 1903ರಲ್ಲಿ ಮೊಲ 77, ಲಿಂಕ್ಸ್ 35. 1904ರಲ್ಲಿ ಮೊಲ 36ಕ್ಕೆ ಬಿತ್ತು, ಲಿಂಕ್ಸ್ 59ಕ್ಕೆ ಹೋಯಿತು. 1905ರಲ್ಲಿ ಮೊಲ 21, ಲಿಂಕ್ಸ್ 42. ಮೊಲದ ಶಿಖರ 1903, ಲಿಂಕ್ಸ್‌ನದು 1904. ಹೆಸರು ಅಳಿಸಿದ್ದರೆ, ಒಂದು ಶಿಖರ ಹಿಡಿದು ಅದರ ಬಲಕ್ಕೆ ಬೆರಳು ಸರಿಸಿ. ತಕ್ಷಣ ಸಿಗುವ ಇನ್ನೊಂದು ಗೆರೆಯ ಶಿಖರ ಪರಭಕ್ಷಕದ್ದು. ಅದು ಬರಲು ತುಂಬಾ ದೂರ ಹೋಗಬೇಕಾಯಿತು ಅಂದರೆ ನೀವು ಪರಭಕ್ಷಕದಿಂದ ಶುರು ಮಾಡಿದ್ದೀರಿ ಅಂತ ಅರ್ಥ. ಹೋದ ಸಲ ನಿಮಗೆ ಆಗಿದ್ದು ಬಹುಶಃ ಇದೇ.

ಈಗ ನಿಮ್ಮ ಎರಡನೇ ತೊಡಕು. ನನಗೆ ಇದು ಬಿಡಿಸಿಕೊಂಡಿದ್ದು ಒಂದು ಮಾತಿನಿಂದ: ಮೊಲದ ಗೆರೆ ಎಷ್ಟು ಎತ್ತರದಲ್ಲಿದೆ ಅನ್ನುವುದು ಲಿಂಕ್ಸ್ ಎಷ್ಟಿದೆ ಅಂತ ಹೇಳುವುದಿಲ್ಲ, ಲಿಂಕ್ಸ್ ಎಷ್ಟು ಬೇಗ ಏರುತ್ತಿದೆ ಅಂತ ಹೇಳುತ್ತದೆ. 1903ರಲ್ಲಿ ಮೊಲ ತುತ್ತತುದಿಯಲ್ಲಿದೆ. ಅದರ ಆಚೀಚೆ ಲಿಂಕ್ಸ್ ನೋಡಿ, 10ರಿಂದ 35, 35ರಿಂದ 59. ಆ ಸುತ್ತಿನಲ್ಲಿ ಅತಿ ಕಡಿದಾದ ಏರು ಅದೇ. 1904ರ ಹೊತ್ತಿಗೆ ಮೊಲ ಅರ್ಧಕ್ಕಿಂತ ಕಡಿಮೆಯಾಯಿತು ನಿಜ. ಆದರೆ ಉಳಿದದ್ದು ಲಿಂಕ್ಸ್ ಮರಿಗಳನ್ನು ಸಾಕಲು ಇನ್ನೂ ಸಾಕಾಗುತ್ತಿತ್ತು. ಮೊಲ ಒಂದು ಮಟ್ಟಕ್ಕಿಂತ ಕೆಳಗೆ ಹೋದ ಮೇಲೇ ಲಿಂಕ್ಸ್‌ನಲ್ಲಿ ಹುಟ್ಟಿಗಿಂತ ಸಾವು ಜಾಸ್ತಿಯಾಗುತ್ತದೆ. ಈ ಲೆಕ್ಕದಲ್ಲಿ ಆ ಮಟ್ಟ ಸುಮಾರು 25–30ರ ಆಸುಪಾಸು. 1909–10ರಲ್ಲಿ ಮೊಲ 25, 27 ಇದ್ದಾಗ ಲಿಂಕ್ಸ್ 9, 7 ಅಂತ ತಳದಲ್ಲೇ ಹೊರಳುತ್ತಿತ್ತು. 1911ರಲ್ಲಿ ಮೊಲ 40 ಮುಟ್ಟಿದ ಮೇಲೆ ಮೆಲ್ಲಗೆ ತಲೆ ಎತ್ತಿತು.

ಉತ್ತರದಲ್ಲಿ "ಆಹಾರ ಕಡಿಮೆಯಾಗಿದ್ದರಿಂದ ಲಿಂಕ್ಸ್ ಕಡಿಮೆಯಾಯಿತು" ಅಂತ ಒಂದೇ ಸಾಲು ಬರೆದರೆ ನಾನು ಅರ್ಧ ಅಂಕವಷ್ಟೇ ಕೊಡುತ್ತೇನೆ. ತಡ ಏಕೆ ಆಯಿತು ಅಂತಲೂ ಬರೆಯಬೇಕು: ತಿಂದ ಆಹಾರ ಮರಿಯಾಗಿ ಬೆಳೆಯಲು ಸಮಯ ಬೇಕು, ಹಸಿವು ಸಾವಾಗಲೂ ಸಮಯ ಬೇಕು.

ಇಮ್ರಾನ್: ನನಗೆ ಬಂದಿದ್ದು ಉಂಗುರದ ಹಾಗಿರುವ ಗ್ರಾಫ್. ಅಡ್ಡ ಅಕ್ಷದಲ್ಲಿ ಬಲಿಪ್ರಾಣಿ, ಲಂಬ ಅಕ್ಷದಲ್ಲಿ ಪರಭಕ್ಷಕ, ಕಾಲ ಎಲ್ಲೂ ಇಲ್ಲ. ಬಾಣದ ಗುರುತು ಹಾಕಿ ಅಂದಿದ್ದರು. ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕಿಗೆ ಹಾಕಬೇಕು. ಇದನ್ನು ಕಲಿತುಕೊಂಡರೆ ಸಾಕು.

ಶಾರದಾ: ಇಮ್ರಾನ್, ಕಾವ್ಯ ಕೇಳಿದ್ದು ಕಾಲದ ಗ್ರಾಫ್. ದಿಕ್ಕು ನೀವು ಹೇಳಿದ್ದು ಸರಿ. ಆದರೆ ಅದನ್ನು ಬಾಯಿಪಾಠ ಮಾಡಿದರೆ ಅಕ್ಷ ಅದಲು ಬದಲು ಮಾಡಿ ಕೊಟ್ಟ ದಿನ ತಪ್ಪುತ್ತದೆ. 1902, 03, 04, 05ರ ನಾಲ್ಕು ಚುಕ್ಕಿ ಇಟ್ಟು ಸೇರಿಸಿ, ದಿಕ್ಕು ತಾನಾಗಿ ಬರುತ್ತದೆ.

ಕಾವ್ಯ: ಶಾರದಾ ಮೇಡಂ, ಬೆರಳು ಸರಿಸಿ ನೋಡಿದೆ, ಈ ಸಲ ಸರಿಯಾಗಿ ಬಂತು! ಅದೇ ಲೆಕ್ಕದಲ್ಲಿ ಮುಂದಿನ ಸುತ್ತು ನೋಡಿದೆ. ಮೊಲದ ಶಿಖರ 1913, ಲಿಂಕ್ಸ್‌ನದು 1915. ಮೊದಲು ಒಂದು ವರ್ಷ ತಡ, ಈಗ ಎರಡು. ಸುತ್ತಿನ ಉದ್ದ ಮೊಲದಲ್ಲಿ 10, ಲಿಂಕ್ಸ್‌ನಲ್ಲಿ 11. ಯಾವುದು ಬರೆಯಲಿ?

ಶಾರದಾ: ಗ್ರಾಫ್‌ನಲ್ಲಿ ಕಂಡದ್ದನ್ನೇ ಬರೆಯಿರಿ. "ತಡ 1ರಿಂದ 2 ವರ್ಷ, ಸುತ್ತು ಸುಮಾರು 10 ವರ್ಷ." ಸುತ್ತನ್ನು ಅಳೆಯುವಾಗ ಒಂದೇ ಗೆರೆಯ ಶಿಖರದಿಂದ ಅದೇ ಗೆರೆಯ ಶಿಖರಕ್ಕೆ ಅಳೆಯಿರಿ. ಮೊಲದ ಶಿಖರದಿಂದ ಲಿಂಕ್ಸ್ ಶಿಖರಕ್ಕೆ ಅಳೆದು ಅದನ್ನೇ ಸುತ್ತು ಅಂತ ಬರೆಯುವವರು ಬಹಳ ಜನ. ಪರಭಕ್ಷಕ, ಬಲಿಪ್ರಾಣಿಗಳ ಏರಿಳಿತವನ್ನು ಲೆಕ್ಕ ಹಾಕುವ ಲೋಟ್ಕಾ–ವೋಲ್ಟೆರಾ ಸಮೀಕರಣದಿಂದ ಬರೆದ ನಯವಾದ ಅಲೆ ಕೊಟ್ಟಿದ್ದರೆ ತಡ ಹೆಚ್ಚುಕಡಿಮೆ ಕಾಲು ಸುತ್ತು ಇರುತ್ತದೆ. ನಿಜವಾದ ಲೆಕ್ಕದಲ್ಲಿ ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ.

ಗಿರಿಜಾ: ನಾನು ಕಾಡುಪ್ರಾಣಿಗಳ ಎಣಿಕೆಯ ಕೆಲಸ ಮಾಡುತ್ತೇನೆ, ಅದಕ್ಕೇ ಒಂದು ಮಾತು. ಆ 77 ಸಾವಿರ, 59 ಸಾವಿರ ಕಾಡಿನಲ್ಲಿದ್ದ ಪ್ರಾಣಿಗಳಲ್ಲ, ಮಾರಾಟಕ್ಕೆ ಬಂದ ಚರ್ಮಗಳು. ಬಲೆ ಹಾಕುವವರು ಆ ವರ್ಷ ಎಷ್ಟು ಓಡಾಡಿದರು, ಬೆಲೆ ಹೇಗಿತ್ತು ಎಲ್ಲವೂ ಅದರಲ್ಲಿ ಸೇರಿದೆ. ಹಳೆಯ ದಾಖಲೆಯ ಕೆಲವು ಭಾಗದಲ್ಲಿ ಲಿಂಕ್ಸ್ ಶಿಖರವೇ ಮೊಲಕ್ಕಿಂತ ಮುಂಚೆ ಬರುತ್ತದೆ. 1973ರಲ್ಲಿ ಇಕಾಲಜಿ ವಿಜ್ಞಾನಿ ಮೈಕೆಲ್ ಗಿಲ್ಪಿನ್ ಇದನ್ನು ಎತ್ತಿ ತೋರಿಸಿದ್ದರು. ಅಂಥ ತುಣುಕು ಪರೀಕ್ಷೆಯಲ್ಲಿ ಬಂದರೆ ಬೆರಳಿನ ಉಪಾಯ ಕೈ ಕೊಡುತ್ತದೆ.

ಇನ್ನೊಂದು. ಲಿಂಕ್ಸ್ ತಿಂದಿದ್ದರಿಂದಲೇ ಮೊಲ ಬಿತ್ತು ಅಂತ ಗ್ರಾಫ್ ಒಂದನ್ನೇ ನೋಡಿ ಹೇಳಲು ಬರುವುದಿಲ್ಲ. ಕೆನಡಾದ ಯುಕಾನ್‌ನಲ್ಲಿ 1986ರಿಂದ ಚಾರ್ಲ್ಸ್ ಕ್ರೆಬ್ಸ್ ತಂಡ ಬೇಲಿ ಕಟ್ಟಿ ಪರೀಕ್ಷಿಸಿತು. ಏನೂ ಮಾಡದೆ ಬಿಟ್ಟ ಜಾಗಕ್ಕೆ ಹೋಲಿಸಿದರೆ, ನೆಲದ ಪರಭಕ್ಷಕಗಳನ್ನು ಹೊರಗಿಟ್ಟರೆ ಮೊಲ ಸುಮಾರು 2 ಪಟ್ಟು, ಬರೀ ಆಹಾರ ಹಾಕಿದರೆ 3 ಪಟ್ಟು, ಎರಡೂ ಮಾಡಿದರೆ ಸುಮಾರು 11 ಪಟ್ಟು.

ಹರೀಶ್: ಹಾಗಾದರೆ ಮೊಲ ಬಿದ್ದಿದ್ದು ಮೇವು ಸಾಲದೆ, ಲಿಂಕ್ಸ್‌ನಿಂದಲ್ಲ ಅಂತ ಬರೆಯಬಹುದಾ?

ಗಿರಿಜಾ: ಬೇಡ. 2 ಮತ್ತು 3 ಗುಣಿಸಿದರೆ 6, ಬಂದದ್ದು 11. ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ ಅಂತ ತಾನೇ ಅದರ ಅರ್ಥ? ಮತ್ತೆ 1907ರಲ್ಲಿ ಲಿಂಕ್ಸ್ 13ಕ್ಕೆ ಇಳಿದ ಮೇಲೂ ಮೊಲ ಮೂರು ವರ್ಷ 20ರ ಮೇಲೆ ತೆವಳುತ್ತಿತ್ತು. ತಿನ್ನುವವರು ಕಡಿಮೆಯಾದರೂ ಏಕೆ ತಕ್ಷಣ ಏರಲಿಲ್ಲ? ಹೆದರಿಕೆಯಲ್ಲಿ ಬದುಕಿದ ಹೆಣ್ಣು ಮೊಲಗಳು ಕಡಿಮೆ ಮರಿ ಹಾಕುತ್ತವೆ ಅನ್ನುವ ವಿವರಣೆ ಇದೆ. ಅದೊಂದೇ ಸಾಕು ಅಂತ ನನಗೆ ಅನ್ನಿಸುವುದಿಲ್ಲ.

ಶಾರದಾ: ಗಿರಿಜಾ, ನನಗೆ ಅದು ಸಾಕು ಅನ್ನಿಸುತ್ತದೆ. ಆದರೆ ಕಾವ್ಯ, ನೀವು ಪರೀಕ್ಷೆಯಲ್ಲಿ "ಪರಭಕ್ಷಣೆ ಮತ್ತು ಆಹಾರ ಎರಡೂ" ಅಂತ ಬರೆಯಿರಿ.

ಕಾವ್ಯ: ಸರಿ ಮೇಡಂ. 1914ರಲ್ಲಿ ಮೊಲ 52ಕ್ಕೆ ಇಳಿದರೂ ಲಿಂಕ್ಸ್ ಮುಂದಿನ ವರ್ಷಕ್ಕೆ 46ರಿಂದ 51ಕ್ಕೆ ಏರಿದೆ. 52 ಇನ್ನೂ ಆ 30ಕ್ಕಿಂತ ಮೇಲೇ ಇದೆಯಲ್ಲ! 1915ರಲ್ಲಿ ಮೊಲ 20, ಆಮೇಲೆ ಲಿಂಕ್ಸ್ 30ಕ್ಕೆ ಕುಸಿದಿದೆ. ಈಗ ಗೊತ್ತಾಯಿತು.