25 ವರ್ಷದ ಹಾಲಿಡೇ ಕ್ಲಬ್: ಬಿಡುವುದು ಹೇಗೆ?

ಶೈಲಜಾ, ಮೈಸೂರು: ಮೇಡಂ, 2017ರಲ್ಲಿ ಮಾಲ್‌ನಲ್ಲಿ ಕೂಪನ್ ತುಂಬಿದ್ದೆವು. "ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬನ್ನಿ" ಅಂತ ಕರೆದರು. ಹೋಟೆಲ್‌ನಲ್ಲಿ ನಾಲ್ಕು ಗಂಟೆ ಕೂರಿಸಿ 3.6 ಲಕ್ಷಕ್ಕೆ 25 ವರ್ಷದ ಸದಸ್ಯತ್ವ ಮಾಡಿಸಿದರು. ಸಾಲ ತೀರಿದೆ. ಹೋಗಿದ್ದು ಎರಡೇ ಸಲ. ರಜೆಯಲ್ಲಿ ಕೇಳಿದಾಗೆಲ್ಲ ರೂಂ ಇಲ್ಲ. ವರ್ಷಾ ವರ್ಷಾ ಕಟ್ಟುವ ನಿರ್ವಹಣಾ ಶುಲ್ಕ, ಅದೇ ಎಎಂಸಿ, 14,000 ಇದ್ದದ್ದು ಈಗ ಜಿಎಸ್‌ಟಿ ಸೇರಿ 27,000. ಎರಡು ವರ್ಷ ಕಟ್ಟಿಲ್ಲ. ಬಿಡುತ್ತೇವೆ ಅಂದರೆ "ಭಾನುವಾರ ಕ್ಯಾನ್ಸಲೇಶನ್ ಮೀಟಿಂಗ್ ಇದೆ, ಇಬ್ಬರೂ ಬರಬೇಕು" ಅನ್ನುತ್ತಾರೆ. ಹೋಗಬಹುದಾ?

ವಕೀಲೆ ಸುಮಂಗಲಾ: ಹೋಗಬೇಡಿ. ಸದಸ್ಯತ್ವ ಬಿಡಲು ಒಂದು ಪತ್ರ ಸಾಕು, ಮೀಟಿಂಗ್ ಯಾಕೆ? ಇಬ್ಬರೂ ಬರಬೇಕು ಅಂದರೇ ಅನುಮಾನ ಬರಬೇಕು. ಮಾರುವಾಗಲೂ ಹೀಗೇ ಕರೆದಿದ್ದರು ಅಲ್ವಾ? ಅಗ್ರಿಮೆಂಟಿನಲ್ಲಿ ರದ್ದತಿಯ ಪುಟದ ಫೋಟೊ ಹಾಕಿ. ಕಟ್ಟಿದ ದುಡ್ಡನ್ನು ಎರಡು ಭಾಗ ಮಾಡಿದ್ದಾರಾ ನೋಡಬೇಕು.

ಮಂಜುನಾಥ್: ಫಾರ್ವರ್ಡ್ ಬಂದಿದೆ: "ರಿಸರ್ವ್ ಬ್ಯಾಂಕ್ ಹೊಸ ಆದೇಶ. ಈ ಪತ್ರ ಕಳಿಸಿದರೆ 7 ದಿನದಲ್ಲಿ ಎಲ್ಲ ಕ್ಲಬ್‌ಗಳೂ ಪೂರ್ತಿ ಹಣ ವಾಪಸ್ ಕೊಡಬೇಕು." ಎಲ್ಲರೂ ಕಳಿಸಿ.

ವಕೀಲೆ ಸುಮಂಗಲಾ: ರಿಸರ್ವ್ ಬ್ಯಾಂಕು ರೆಸಾರ್ಟ್ ನಡೆಸುವವರಿಗೆ ಯಾಕೆ ಆದೇಶ ಕೊಡುತ್ತದೆ? ದಯವಿಟ್ಟು ಅಳಿಸಿ.

ಶೈಲಜಾ: ಫೋಟೊ ಹಾಕಿದ್ದೇನೆ. 60 ಪರ್ಸೆಂಟ್ ಪ್ರವೇಶ ಶುಲ್ಕ, ವಾಪಸ್ ಇಲ್ಲ. 40 ಪರ್ಸೆಂಟ್ ಉಳಿದ ವರ್ಷಗಳ ಲೆಕ್ಕದಲ್ಲಿ ವಾಪಸ್, ಬಾಕಿ ಕಳೆದು. ಇನ್ನೊಂದು ಚೀಟಿ ಸಿಕ್ಕಿತು. ಆವತ್ತು ಮಾರಿದ ಹುಡುಗ ಬೆಲೆಪಟ್ಟಿಯ ಹಿಂದೆ ಪೆನ್ನಲ್ಲಿ "ಎಎಂಸಿ ಹೆಚ್ಚಾಗಲ್ಲ" ಅಂತ ಬರೆದು ಸಹಿ ಹಾಕಿದ್ದಾನೆ.

ವಕೀಲೆ ಸುಮಂಗಲಾ: ಆ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ಕವರಿನಲ್ಲಿಡಿ. ಭಾನುವಾರ ಹೋಗಿದ್ದರೆ ಮೊದಲು ಹೋಗುತ್ತಿದ್ದದ್ದು ಅದೇ.

ಅಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ, ನನ್ನ ಹತ್ತಿರ ಇಂಥವರು ಬಹಳ ಬಂದಿದ್ದಾರೆ. ಮೊದಲ ಅರ್ಧ ಗಂಟೆ ಕ್ಷಮೆ ಕೇಳುತ್ತಾರೆ. ಆಮೇಲೆ "ಕ್ಯಾನ್ಸಲ್ ಮಾಡಿದರೆ ನಿಮಗೇ ನಷ್ಟ, ಹಳೇದಕ್ಕೆ ಇಷ್ಟು ಕ್ರೆಡಿಟ್ ಕೊಡುತ್ತೇವೆ, ಮೇಲೆ ಎರಡೋ ಎರಡೂವರೆಯೋ ಲಕ್ಷ ಹಾಕಿದರೆ ರೂಂ ಸಿಗುವ ಪ್ಲಾನ್" ಅನ್ನುತ್ತಾರೆ. ಸಹಿ ಹಾಕಿದರೆ 25 ವರ್ಷ ಮತ್ತೆ ಒಂದರಿಂದ ಶುರು. ಸಾಲವೂ ಹೊಸದು. ಹೊಸ ಕಾಗದದಲ್ಲಿ ಎಲ್ಲೋ ಒಂದು ಸಾಲು ಇರುತ್ತದೆ: ಹಿಂದಿನ ದೂರುಗಳೆಲ್ಲ ಇತ್ಯರ್ಥವಾಗಿವೆ. ನಿಮ್ಮ ಚೀಟಿಗೆ ಬೆಲೆ ಹೋಯಿತು.

ಈಗ ಲೆಕ್ಕ. 3,60,000ದಲ್ಲಿ 40 ಪರ್ಸೆಂಟ್ 1,44,000. 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 5,760. ನಿಮಗೆ 8 ವರ್ಷ ಮುಗಿದಿದೆ, 17 ಉಳಿದಿದೆ. ಬರಬೇಕಾದ್ದು 97,920. ಎರಡು ವರ್ಷದ ಬಾಕಿ 54,000 ಹಿಡಿದುಕೊಂಡರೆ ಕೈಗೆ 43,920, ಬಡ್ಡಿ ಕಳೆದರೆ ಇನ್ನೂ ಕಡಿಮೆ. 3.6 ಲಕ್ಷಕ್ಕೆ ಇದಾ ಅನಿಸುತ್ತದೆ. ಆದರೆ ಉಳಿದರೆ 17 ವರ್ಷಕ್ಕೆ ಈಗಿನ ದರದಲ್ಲೇ 4,59,000 ಕಟ್ಟಬೇಕು. ತಡ ಮಾಡಿದ ಒಂದೊಂದು ವರ್ಷಕ್ಕೂ 5,760 ಕರಗುತ್ತದೆ, 27,000 ಬಾಕಿ ಏರುತ್ತದೆ. ಇನ್ನೆರಡು ವರ್ಷ ಹೀಗೇ ಕೂತರೆ ನೀವೇ ಅವರಿಗೆ ಕೊಡಬೇಕು.

ಹಾಗಾಗಿ ಈ ವಾರವೇ ಪತ್ರ. ಅಗ್ರಿಮೆಂಟಿನ ಆ ಕಲಮಿನ ಪ್ರಕಾರ ಸದಸ್ಯತ್ವ ರದ್ದು ಮಾಡಿ, ಲೆಕ್ಕ ಕೊಡಿ, ಇವತ್ತಿನಿಂದ ಎಎಂಸಿ ಹಾಕಬೇಡಿ ಅಂತ. ಅವರ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್, ಜೊತೆಗೆ ಇಮೇಲ್. ಚೀಟಿಯ ಜೆರಾಕ್ಸ್ ಮಾತ್ರ ಇಡಿ. ಏರಿದ ಎಎಂಸಿಯನ್ನು ಒಪ್ಪುವುದಿಲ್ಲ ಅಂತಲೂ ಬರೆಯಿರಿ.

ಪ್ರಕಾಶ್, ಹುಬ್ಬಳ್ಳಿ: ಕ್ಲಬ್ ಎಲ್ಲ ಮೋಸ ಅಲ್ಲ. ನಾವು ವರ್ಷಾ ವರ್ಷಾ ಹೋಗುತ್ತೇವೆ. ಕೂರ್ಗ್, ಗೋವಾ, ಮುನ್ನಾರ್. ಮುಂಚೆ ಬುಕ್ ಮಾಡಬೇಕಷ್ಟೆ.

ಇರ್ಫಾನ್: ಸರ್, ದಸರಾ ರಜೆಗೆ ಸಿಗುತ್ತಾ? ಮಳೆಗಾಲದ ಮಂಗಳವಾರ ನಮಗೂ ಸಿಗುತ್ತದೆ.

ಪ್ರಕಾಶ್: ರಜೆಗೇ ಹೋಗಬೇಕು ಅಂತ ಯಾರು ಹೇಳಿದರು?

ಇರ್ಫಾನ್: ಮಕ್ಕಳ ಸ್ಕೂಲು ಹೇಳುತ್ತೆ!

ಗೀತಾ: 10 ದಿನದೊಳಗೆ ಬಿಟ್ಟರೆ ಪೂರ್ತಿ ವಾಪಸ್ ಅಂತ ಕಾನೂನಿದೆಯಂತೆ?

ವಕೀಲೆ ಸುಮಂಗಲಾ: ಅದು ನಿಮ್ಮ ಅಗ್ರಿಮೆಂಟಿನಲ್ಲಿದ್ದರೆ ಉಂಟು. ಎಷ್ಟು ದಿನ ಅನ್ನುವುದೂ ಅಲ್ಲೇ ಇರುತ್ತದೆ.

ರವಿಕಿರಣ್: ಸುಲಭ ದಾರಿ ಇದೆ. ಬ್ಯಾಂಕಿಗೆ ಹೇಳಿ ಆಟೋ ಡೆಬಿಟ್ ನಿಲ್ಲಿಸಿ. ಏನೂ ಆಗಲ್ಲ, ನಾನು ಮಾಡಿದ್ದೇನೆ.

ವಕೀಲೆ ಸುಮಂಗಲಾ: ಅರ್ಧ ಸರಿ. ಎಎಂಸಿ ಮ್ಯಾಂಡೇಟ್ ರದ್ದು ಮಾಡಬಹುದು, ಲಿಖಿತವಾಗಿ ಮಾಡಿ. ರದ್ದು ಮಾಡದೆ ಖಾತೆ ಖಾಲಿ ಇಟ್ಟು ಬೌನ್ಸ್ ಆಗಲು ಬಿಟ್ಟರೆ ಚೆಕ್ ಬೌನ್ಸ್ ಥರವೇ ಕೇಸ್ ಹಾಕಲು ಅವಕಾಶವಿದೆ. ಸಾಲದ ಇಎಂಐ ಇನ್ನೂ ಇದ್ದವರು ಅದನ್ನು ಮುಟ್ಟಲೇಬೇಡಿ. ಸಾಲ ಕೊಟ್ಟವರು ಬೇರೆ, ಸಿಬಿಲ್ ಹಾಳಾಗುವುದು ನಿಮ್ಮದು. ಎಎಂಸಿ ನಿಲ್ಲಿಸಿದರೂ ಬಾಕಿ ಅವರ ಪುಸ್ತಕದಲ್ಲಿ ಬೆಳೆಯುತ್ತಲೇ ಇರುತ್ತದೆ. ನಿಮಗೆ ಏನೂ ಆಗಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ ಅರ್ಥ.

ರವಿಕಿರಣ್: ನಾಲ್ಕು ವರ್ಷ ಆಯಿತು ಮೇಡಂ, ಒಂದು ನೋಟಿಸೂ ಬಂದಿಲ್ಲ. ವಕೀಲರು ಹೆದರಿಸೋದು ಜಾಸ್ತಿ.

ಲೋಕೇಶ್: ನಮ್ಮೂರ ಕ್ಲಬ್ಬಿನಲ್ಲೂ ಹೀಗೇ, ಕಾರ್ಡ್ ರೂಂ ಚಂದಾ ಡಬಲ್ ಮಾಡಿದ್ದಾರೆ. ಬ್ಯಾಡ್ಮಿಂಟನ್ ಕೋರ್ಟ್ ಬೇರೆ ಸೋರುತ್ತೆ.

ಇರ್ಫಾನ್: ಅಣ್ಣಾ, ಇದು ಬೇರೆ ಕ್ಲಬ್.

ಸವಿತಾ: ಅಪ್ಪ ತೀರಿಕೊಂಡರು. ಸದಸ್ಯತ್ವ ಅವರ ಹೆಸರಲ್ಲಿತ್ತು. ಎಎಂಸಿ ಈಗ ನಾನು ಕಟ್ಟಬೇಕಾ?

ಮಂಜುನಾಥ್: ಒಬ್ಬರು ಫೋನ್ ಮಾಡಿದ್ದರು. ನನ್ನ ಮೆಂಬರ್‌ಶಿಪ್ 4 ಲಕ್ಷಕ್ಕೆ ಕೊಳ್ಳುವ ಪಾರ್ಟಿ ಇದೆಯಂತೆ. ಎನ್‌ಒಸಿಗೆ 18,500 ಮೊದಲು ಹಾಕಬೇಕಂತೆ.

ವಕೀಲೆ ಸುಮಂಗಲಾ: ಹಾಕಬೇಡಿ. ಕೊಳ್ಳುವವನು ಮಾರುವವನಿಂದ ದುಡ್ಡು ಕೇಳುತ್ತಾನಾ?

ಮಂಜುನಾಥ್: ನನ್ನ ಮೆಂಬರ್‌ಶಿಪ್ ನಂಬರ್ ಸರಿಯಾಗಿ ಹೇಳಿದರು ಮೇಡಂ.

ವಕೀಲೆ ಸುಮಂಗಲಾ: ಪಟ್ಟಿ ಸೋರಿರುತ್ತದೆ. ಹಾಕಿಬಿಟ್ಟಿದ್ದರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಕಾಶ್: ಓದದೆ ಸಹಿ ಹಾಕಿ ಆಮೇಲೆ ಅಳುವುದು. ಇದೇ ನಮ್ಮ ಜನರ ಕಥೆ.

ಇರ್ಫಾನ್: ನಾಲ್ಕು ಗಂಟೆ ಎಸಿ ರೂಮಿನಲ್ಲಿ ಮಗು ಅಳುತ್ತಿರುವಾಗ 30 ಪುಟ ಓದಿ ತೋರಿಸಿ ನೀವು. ನಿಮಗೆ ಕಮಿಷನ್ ಏನಾದರೂ ಬರುತ್ತಾ?

ಪ್ರಕಾಶ್: ಮಾತು ಹಿಡಿತದಲ್ಲಿರಲಿ.

ಶೈಲಜಾ: ಮೇಡಂ, ಪತ್ರಕ್ಕೆ ಉತ್ತರ ಕೊಡದಿದ್ದರೆ? 2017ರ ಮೋಸಕ್ಕೆ ಈಗ ಕೇಸ್ ಹಾಕಬಹುದಾ? ಅಗ್ರಿಮೆಂಟಿನಲ್ಲಿ ಏನೇ ತಕರಾರಿದ್ದರೂ ಕೋರ್ಟ್ ಬದಲು ಮುಂಬೈಯಲ್ಲಿ ಆರ್ಬಿಟ್ರೇಶನ್ ಅಂತಿದೆ.

ವಕೀಲೆ ಸುಮಂಗಲಾ: ಮುಂಬೈಗೆ ಹೋಗಬೇಕಿಲ್ಲ. ಆ ಕಲಮು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವಿರುವ ಊರಿನಲ್ಲೇ ದೂರು ಕೊಡಬಹುದು. ನಿಮ್ಮದು ಮೈಸೂರು ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗೆ, ಹಾಗಾಗಿ ಶುಲ್ಕವಿಲ್ಲ.

ತೊಡಕು ಕಾಲಮಿತಿಯದು. ಎರಡು ವರ್ಷ. ಮಾರುವಾಗ ಸುಳ್ಳು ಹೇಳಿದರು ಅಂತ ಮಾತ್ರ ಹೋದರೆ ಹಳೇದು ಅಂತ ತಳ್ಳಬಹುದು. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಈಚಿನದನ್ನು ಹಿಡಿಯಿರಿ: ಈ ಎರಡು ವರ್ಷದಲ್ಲಿ ರೂಂ ಇಲ್ಲ ಅಂದದ್ದು, ರದ್ದತಿ ಪತ್ರಕ್ಕೆ ಸ್ಪಂದಿಸದ್ದು. ರೂಂ ಇಲ್ಲ ಅಂತ ತೋರಿಸುವ ಪರದೆಯ ಚಿತ್ರ, ತಾರೀಖು ಸಮೇತ, ಇವತ್ತಿನಿಂದಲೇ ತೆಗೆಯಿರಿ. ಬಾಕಿ ಇದ್ದದ್ದಕ್ಕೇ ರೂಂ ಕೊಡಲಿಲ್ಲ ಅಂತ ಅವರು ವಾದಿಸುತ್ತಾರೆ. ಎಎಂಸಿ ಕಟ್ಟಿದ್ದ ವರ್ಷದ ಇಮೇಲ್ ಸಿಕ್ಕರೆ ಬಲ. ಚೀಟಿಯನ್ನು ಆಯೋಗ ಎಷ್ಟು ನಂಬುತ್ತದೆ ಅಂತ ನಾನು ಮಾತು ಕೊಡಲಾರೆ. ಅಗ್ರಿಮೆಂಟಿನಲ್ಲಿ "ಬಾಯಿಮಾತು ಲೆಕ್ಕಕ್ಕಿಲ್ಲ" ಅಂತ ಇದ್ದೇ ಇರುತ್ತದೆ. ಇದು ಬಾಯಿಮಾತಲ್ಲ, ಬರಹ. ವಾದ ಮಾಡುವಂಥದ್ದು.

ಗೀತಾ: 10 ದಿನ ಅಂದರೆ ರಜಾ ದಿನ ಬಿಟ್ಟಾ ಸೇರಿಸಿಯಾ?

ವಕೀಲೆ ಸುಮಂಗಲಾ: ಅಗ್ರಿಮೆಂಟ್ ಓದಿ.

ಮಂಜುನಾಥ್: ಇನ್ನೊಂದು ಫಾರ್ವರ್ಡ್, ಇದು ನಿಜ: "420 ಕೇಸ್ ಹಾಕುತ್ತೇವೆ ಅಂದರೆ ಮರುದಿನವೇ..."

ವಕೀಲೆ ಸುಮಂಗಲಾ: ಮಂಜುನಾಥ್, ಸಾಕು.

ಸವಿತಾ: ನನ್ನ ಪ್ರಶ್ನೆ ಮೇಲೆ ಹೋಯಿತು.

ಶೈಲಜಾ: ಈಗಷ್ಟೇ ಫೋನ್ ಬಂತು. ಪತ್ರ ಬೇಡ, ಭಾನುವಾರ ಬಂದರೆ ಒಂದು ವರ್ಷದ ಎಎಂಸಿ ಬಿಡುತ್ತಾರಂತೆ. ನಮ್ಮವರು ಹೋಗಿ ನೋಡೋಣ ಅನ್ನುತ್ತಿದ್ದಾರೆ.

ವಕೀಲೆ ಸುಮಂಗಲಾ: ಎಎಂಸಿ ಬಿಡುವುದನ್ನು ಇಮೇಲ್‌ನಲ್ಲಿ ಬರೆಯಲು ಹೇಳಿ. ಬರೆಯುವುದಿಲ್ಲ. ಆ ಫೋನನ್ನು ನಿಮ್ಮವರಿಗೇ ಕೊಡಿ, ಅವರೇ ಕೇಳಲಿ. ನೀವು ಅಂಚೆ ಕಚೇರಿಗೆ ಹೋಗಿ.