ಸಹಾಯ ಬೇಕು: ಈ 2SC5200 ಅಸಲಿಯೋ ನಕಲಿಯೋ?

ದಾವಣಗೆರೆಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡ್ತೀನಿ. ಹೊಸದಾಗಿ ತಂದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಮ್ಯಾಕ್ರೋ ಫೋಟೋ ಹಾಕಿದೀನಿ, ನೋಡಿ ಹೇಳಿ.

ಮೊದಲನೇದರ ಮೇಲ್ಭಾಗ ನುಣ್ಣಗೆ ಕಪ್ಪು, ಪಕ್ಕದ ಅಂಚು ಮಾತ್ರ ಬೂದು, ಒರಟು. ಅಚ್ಚಿನ ದುಂಡು ಗುಳಿಯೊಳಗೂ ಬಣ್ಣ ತುಂಬಿದೆ. ಅಸಿಟೋನ್ ಹಚ್ಚಿ ಉಜ್ಜಿದ್ರೆ ಹತ್ತಿ ಕಪ್ಪಾಯ್ತು, ಅಡಿಯಲ್ಲಿ ಒಂದೇ ದಿಕ್ಕಿಗೆ ಮರಳುಕಾಗದದ ಗೀರು. ಹಳೇ ನಂಬರ್ ಕೆರೆದು, ಬಣ್ಣ ಬಳಿದು, ಹೊಸದು ಬರೆದಿದ್ದಾರೆ, ಅದರಲ್ಲಿ ಅನುಮಾನವೇ ಇಲ್ಲ.

ತಲೆನೋವು ಎರಡನೇದು. ಅಸಿಟೋನಿಗೆ ಏನೂ ಬಿಡ್ಲಿಲ್ಲ, ಆದ್ರೆ ಕೆಲವು ಬಣ್ಣ ಅಸಿಟೋನಿಗೂ ಜಗ್ಗಲ್ಲ. ಅಕ್ಷರ ಲೇಸರಿನದೇ, ಆದ್ರೆ ಕಾಲುಗಳ ಬುಡದಲ್ಲಿ ಹಳೇ ಬೆಸುಗೆ ಅಂಟಿದಂಗಿದೆ. ಮಲ್ಟಿಮೀಟರ್ ಎರಡನ್ನೂ ಸರಿ ಅನ್ನುತ್ತೆ; ಒಳಗೆ ಸಣ್ಣ ಚಿಪ್ ಇದ್ರೂ ಹಂಗೇ ಅನ್ನುತ್ತೆ ಬಿಡಿ.

ಹಳೇ ಸೆಟ್ಟಿಂದ ಬಿಚ್ಚಿದ ಅಸಲಿ ಪೀಸ್ ಯಾರ ಹತ್ರ ಇದೆ? ಟಾರ್ಚ್ ಓರೆಯಾಗಿ ಹಿಡಿದು ಗುಳಿ, ಅಂಚು, ಕಾಲಿನ ಬುಡದ ಫೋಟೋ ಕಳಿಸ್ತೀರಾ?