ತುರ್ತು: ಟ್ರೈಕೋಲನ್, ಅನಾಫೊರಾ, ಆಂಟಿಥೆಸಿಸ್‌ಗೆ ಮಕ್ಕಳಿಗೆ ಅರ್ಥವಾಗುವ ಪದ ಬೇಕು

ಅರಸೀಕೆರೆ, ಕನ್ನಡ ಟೀಚರ್:
ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಹೈಸ್ಕೂಲಿನಲ್ಲಿ ಭಾಷಣ ಸ್ಪರ್ಧೆಯ ತಯಾರಿ ಇದೆ. ಗೋಡೆಗೆ ಮೂರು ಫ್ಲೆಕ್ಸ್ ಮಾಡಿಸುತ್ತಿದ್ದೇನೆ, ಹಾಸನದ ಪ್ರಿಂಟರ್ ಇವತ್ತು ಸಂಜೆಯೊಳಗೆ ಮ್ಯಾಟರ್ ಕೇಳಿದ್ದಾರೆ. ಮೂರು ಮಾತು ಒಟ್ಟಿಗೆ ಹೇಳುವುದು, ಸಾಲುಗಳ ಶುರುವಿನಲ್ಲಿ ಅದೇ ಮಾತು ಮತ್ತೆ ಮತ್ತೆ ತರುವುದು, ಒಂದರ ಎದುರು ಇನ್ನೊಂದನ್ನು ನಿಲ್ಲಿಸುವುದು. ಈ ಮೂರಕ್ಕೂ ದೊಡ್ಡಕ್ಷರದಲ್ಲಿ ಬರೆಯುವಂಥ ಪದ ಹೇಳಿ. ಒಂಬತ್ತನೇ ಕ್ಲಾಸಿನ ಮಕ್ಕಳು ಓದಬೇಕು.

ಕಡೂರು:
ತ್ರಿಪದಿ, ಅನುಪ್ರಾಸ, ವಿರೋಧಾಭಾಸ. ಮೂರೂ ರೆಡಿ ಇವೆ, ಹೊಸದಾಗಿ ಯಾಕೆ ಹುಡುಕಬೇಕು?

ಬೇಲೂರು, ನಿವೃತ್ತ ಮೇಷ್ಟ್ರು:
ಮೂರೂ ತಪ್ಪು. ತ್ರಿಪದಿ ಒಂದು ಛಂದಸ್ಸು. ಅನುಪ್ರಾಸದಲ್ಲಿ ಅಕ್ಷರ ಮರಳುತ್ತದೆ, ಮಾತಲ್ಲ. ವಿರೋಧಾಭಾಸದಲ್ಲಿ ವಿರೋಧ ಮೇಲ್ನೋಟಕ್ಕೆ ಮಾತ್ರ, ಯೋಚಿಸಿದರೆ ಕರಗುತ್ತದೆ. ಟೀಚರ್ ಕೇಳಿದ್ದು ಕರಗದೆ ನಿಲ್ಲುವ ವಿರೋಧ. ಅಲಂಕಾರದಲ್ಲಿ ಹತ್ತಿರದ್ದು ಬೇಕಿದ್ದರೆ ಲಾಟಾನುಪ್ರಾಸ ಇದೆ, ಅಲ್ಲಿ ಪದವೇ ಅದೇ ಅರ್ಥದಲ್ಲಿ ಮತ್ತೆ ಬರುತ್ತದೆ, ಭಾವ ಮಾತ್ರ ಬೇರೆ. ಆದರೆ ಅದನ್ನು ಫ್ಲೆಕ್ಸಿಗೆ ಹಾಕಬೇಡಿ, ಮಕ್ಕಳು ಓಡಿ ಹೋಗುತ್ತಾರೆ.

ಸಕಲೇಶಪುರ:
ಸಂಸ್ಕೃತ ಬಿಟ್ಟರೆ ಗತಿಯಿಲ್ಲ ಅನ್ನುವ ಹಾಗೆ ಮಾತಾಡಬೇಡಿ. ಮೂರಕ್ಕೆ *ಮುಪ್ಪುರಿ*. ಮೂರು ಎಳೆ ಹೊಸೆದರೆ ಮುಪ್ಪುರಿ ಅಲ್ವಾ? ಮತ್ತೆ ಹೇಳುವುದಕ್ಕೆ *ಮರುಮಾತು*. ಎದುರು ನಿಲ್ಲಿಸುವುದಕ್ಕೆ *ಎದುರುಬದುರು*. ಮುಗೀತು.

ಬೇಲೂರು, ನಿವೃತ್ತ ಮೇಷ್ಟ್ರು:
ಮುಪ್ಪುರಿ ಚೆನ್ನಾಗಿದೆ, ಒಪ್ಪಿದೆ. ಮರುಮಾತು ಆಗಲ್ಲ. "ಮರುಮಾತಾಡದೆ ಒಪ್ಪಿದ" ಅಂದರೆ ಎದುರು ಹೇಳದೆ ಒಪ್ಪಿದ ಅಂತ. ಮಕ್ಕಳಿಗೆ ಎದುರುತ್ತರ ಕೊಡೋದು ಕಲಿಸಿದ ಹಾಗಾಗುತ್ತದೆ. ದ್ವಿರುಕ್ತಿಯೂ ಬೇಡ, ಅದು ವ್ಯಾಕರಣದಲ್ಲಿ "ಬೇಗಬೇಗ", "ಹೌದುಹೌದು" ಥರದ್ದಕ್ಕೆ ಮೀಸಲು.

ಮೂಡಿಗೆರೆ, ಕಾಫಿ ತೋಟದವರು:
ಟೀಚರ್, ನಿಮ್ಮ ಪ್ರಶ್ನೆ ಓದಿ ನನಗೆ ನನ್ನದೇ ಪಾಡು ನೆನಪಾಯಿತು. ಬೆಳೆಗಾರರ ಸಭೆಯಲ್ಲಿ ಮಾತಾಡಿದೆ: ಕೂಲಿ ಜಾಸ್ತಿ ಆಯ್ತು, ಗೊಬ್ಬರ ಜಾಸ್ತಿ ಆಯ್ತು, ಡೀಸೆಲ್ ಜಾಸ್ತಿ ಆಯ್ತು, ಆನೆ ಕಾಟ ಜಾಸ್ತಿ ಆಯ್ತು, ಮಳೆ ಜಾಸ್ತಿ ಆಯ್ತು. ಎಲ್ಲವೂ ನಿಜ. "ಆಯ್ತು" ಅಷ್ಟು ಸಲ ಬಂದರೂ ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಮತ್ತೆ ಮತ್ತೆ ಹೇಳಿದರೆ ನೆನಪಿರುತ್ತದೆ ಅನ್ನುವುದು ಬರೀ ಸುಳ್ಳು ಅನಿಸಿತು.

ಚಿಕ್ಕಮಗಳೂರು, ಅನುವಾದ ಮಾಡುವವರು:
ಸುಳ್ಳಲ್ಲ ಸಾರ್. ನೀವು ಐದು ಹೇಳಿದಿರಿ, ಎಲ್ಲಿ ಮುಗಿಯುತ್ತದೆ ಅಂತ ಕೇಳುವವರಿಗೆ ಗೊತ್ತಾಗಲಿಲ್ಲ. ರಾಜಕೀಯ ಭಾಷಣಗಳ ಟೇಪ್ ಕೇಳಿ, ಚಪ್ಪಾಳೆ ಎಲ್ಲೆಲ್ಲಿ ಬೀಳುತ್ತದೆ ಅಂತ ನೋಡಿದವರು ಇಂಗ್ಲೆಂಡಿನ ಮ್ಯಾಕ್ಸ್ ಅಟ್ಕಿನ್ಸನ್. 1984ರಲ್ಲಿ ಅವರು ಬರೆದದ್ದು ಇದನ್ನೇ: ಮೂರರ ಪಟ್ಟಿ ಮತ್ತು ಎದುರುಬದುರು ಇರುವ ಕಡೆ ಚಪ್ಪಾಳೆ ಸುಲಭವಾಗಿ ಬರುತ್ತದೆ. ಮೊದಲನೆಯದು ಬರೀ ಒಂದು ಮಾತು. ಎರಡನೆಯದು ಬಂದಾಗ ಜಾಡು ಸಿಗುತ್ತದೆ. ಮೂರನೆಯದು ಶುರುವಾಗುವಾಗಲೇ ಇದು ಕೊನೆ ಅಂತ ಸಭೆಗೆ ತಿಳಿದಿರುತ್ತದೆ, ಕೈ ಸಿದ್ಧವಾಗಿರುತ್ತದೆ. ನಿಮ್ಮ ನಾಲ್ಕನೆಯದು ಆ ಸಿದ್ಧವಾದ ಕೈಯನ್ನು ಕೆಳಗಿಳಿಸಿತು.

ಇನ್ನೊಂದು ಸಾಕ್ಷಿ. 1940ರ ಮೇ 13ರಂದು ಚರ್ಚಿಲ್ ಸಂಸತ್ತಿನಲ್ಲಿ ರಕ್ತ, ದುಡಿಮೆ, ಕಣ್ಣೀರು, ಬೆವರು ಅಂತ ನಾಲ್ಕು ಹೇಳಿದರು. ಜನರ ಬಾಯಲ್ಲಿ ಉಳಿದದ್ದು ರಕ್ತ, ಬೆವರು, ಕಣ್ಣೀರು. ದುಡಿಮೆ ಉದುರಿಹೋಯಿತು.

ಸಕಲೇಶಪುರ:
ಬಸವಣ್ಣನ "ಕಳಬೇಡ, ಕೊಲಬೇಡ" ಏಳು ಬೇಡ ಇದೆ. ಒಂದೂ ಉದುರಿಲ್ಲ. ಇಂಗ್ಲೆಂಡಿನ ಲೆಕ್ಕ ನಮಗೆ ಯಾಕೆ?

ಚಿಕ್ಕಮಗಳೂರು:
ಅದನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಒಂದೇ ಸಲ ಕೇಳಿ ಮನೆಗೆ ಹೋಗುವ ಭಾಷಣದ ಲೆಕ್ಕ ಬೇರೆ. ಆದರೂ ನೀವು ಬಸವಣ್ಣನನ್ನು ತಂದದ್ದು ಒಳ್ಳೆಯದಾಯಿತು. "ಇವನಾರವ, ಇವನಾರವ, ಇವನಾರವನೆಂದೆನಿಸದಿರಯ್ಯಾ. ಇವ ನಮ್ಮವ, ಇವ ನಮ್ಮವ, ಇವ ನಮ್ಮವನೆಂದೆನಿಸಯ್ಯಾ." ಟೀಚರ್, ನಿಮ್ಮ ಮೂರೂ ಫ್ಲೆಕ್ಸು ಈ ಎರಡು ಸಾಲಿನಲ್ಲಿದೆ. ಮೂರು ಸಲ ಬರುತ್ತದೆ, ಸಾಲಿನ ಮೊದಲಲ್ಲೇ ಮರಳುತ್ತದೆ, "ಆರವ" ಎದುರು "ನಮ್ಮವ" ನಿಲ್ಲುತ್ತದೆ. ಮೂರನೆಯದು ಮಾತ್ರ ಉದ್ದವಾಗಿರುವುದನ್ನೂ ಮಕ್ಕಳಿಗೆ ತೋರಿಸಿ. ಮೊದಲೆರಡು ಚಿಕ್ಕದಿದ್ದು ಕೊನೆಯದು ಉದ್ದವಾದರೆ ಮಾತು ತುಂಬಿ ನಿಲ್ಲುತ್ತದೆ. ತಿರುಗಿಸಿ, ಉದ್ದದ್ದನ್ನು ಮೊದಲಿಟ್ಟರೆ ಕೊನೆಗೆ ಕುಸಿದ ಹಾಗೆ ಕೇಳಿಸುತ್ತದೆ.

ನನಗೆ ನಿಜವಾದ ತೊಡಕು ಕಾಣುವುದು ನಿಮ್ಮ ಎರಡನೇ ಫ್ಲೆಕ್ಸಿನಲ್ಲಿ. ಶುರುವಿನಲ್ಲಿ ಮರಳಬೇಕು ಅಂತ ಇಂಗ್ಲಿಷ್ ಕೈಪಿಡಿ ಹೇಳುತ್ತದೆ, ಯಾಕೆಂದರೆ ಅಲ್ಲಿ ಕ್ರಿಯಾಪದ ಮುಂದೆ ಬರುತ್ತದೆ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣವನ್ನೇ ತಗೊಳ್ಳಿ, ಸಾಲಿನ ಮೇಲೆ ಸಾಲು "ಐ ಹ್ಯಾವ್ ಎ ಡ್ರೀಮ್" ಅಂತ ಶುರುವಾಗುತ್ತದೆ. ಅದನ್ನು ಕನ್ನಡಕ್ಕೆ ಸಲೀಸಾಗಿ ತಂದರೆ ಪ್ರತಿ ಸಾಲೂ "ಎಂಬ ಕನಸು ನನಗಿದೆ" ಅಂತ ಕೊನೆಯಾಗುತ್ತದೆ. ಮರಳುವ ಮಾತು ಬಾಲಕ್ಕೆ ಹೋಯಿತು. ಲಿಂಕನ್ 1863ರಲ್ಲಿ ಹೇಳಿದ ಸಾಲಿನಲ್ಲಿ ಉಲ್ಟಾ. ಅಲ್ಲಿ "ಜನ" ಪ್ರತಿ ತುಣುಕಿನ ಕೊನೆಗಿದೆ, ಕನ್ನಡದಲ್ಲಿ "ಜನರ, ಜನರಿಂದ, ಜನರಿಗಾಗಿ" ಅಂದಾಗ ತಾನಾಗಿ ಮೊದಲಿಗೆ ಬಂತು.

ಹಾಗಾಗಿ ನಮ್ಮಲ್ಲಿ ಕೊನೆಯ ಮರಳಿಕೆ ಅಗ್ಗ. ಯಾವ ಮೂರು ಬೇಡಿಕೆ ಹೇಳಿದರೂ "ಬೇಕು, ಬೇಕು, ಬೇಕು" ಬಂದೇ ಬರುತ್ತದೆ, ಯಾರೂ ಗಮನಿಸಲ್ಲ. ತೋಟದವರ "ಆಯ್ತು" ಹಾಗೇ ಕಳೆದುಹೋಯಿತು. ಕಿವಿಗೆ ತಾಗಬೇಕಾದರೆ ಮೊದಲಲ್ಲೂ ಏನೋ ಮರಳಬೇಕು, ಇಲ್ಲವೇ ಸಾಲುಗಳ ಅಳತೆ ಒಂದೇ ಥರ ಇರಬೇಕು.

ಅರಸೀಕೆರೆ, ಕನ್ನಡ ಟೀಚರ್:
ಒಬ್ಬ ಹುಡುಗನ ಭಾಷಣ ಕೆರೆ ಹೂಳಿನ ಮೇಲಿದೆ. "ನಮ್ಮೂರ ಕೆರೆಯಲ್ಲಿ ತುಂಬಾ ಹೂಳಿದೆ, ನೀರು ಕಡಿಮೆ ಇದೆ, ಕೋಡಿ ಒಡೆದಿದೆ, ಕಾಲುವೆ ಒತ್ತುವರಿಯಾಗಿದೆ, ಆದ್ದರಿಂದ ಎಲ್ಲವನ್ನೂ ಸರಿ ಮಾಡಬೇಕು." ಇದಕ್ಕೆ ಏನು ಮಾಡಲಿ?

ಚಿಕ್ಕಮಗಳೂರು:
ಮೊದಲು ಎದುರುಬದುರು: "ನಮ್ಮ ಕೆರೆ ತುಂಬಿದೆ. ನೀರಿನಿಂದಲ್ಲ, ಹೂಳಿನಿಂದ." "ತುಂಬಿದೆ" ಆದ ಮೇಲೆ ಉಸಿರು ಹಿಡಿದು ನಿಲ್ಲಲಿ, ಅಲ್ಲಿ ಅವಸರ ಮಾಡಿದರೆ ಎಲ್ಲಾ ಹೋಯಿತು. ಆಮೇಲೆ ಮೂರು: "ಈ ಕೆರೆಗೆ ಹೂಳು ತೆಗೆಸಬೇಕು. ಈ ಕೆರೆಗೆ ಕೋಡಿ ಕಟ್ಟಿಸಬೇಕು. ಈ ಕೆರೆಗೆ ನೀರು ತರುವ ಕಾಲುವೆಯನ್ನು ಒತ್ತುವರಿಯಿಂದ ಬಿಡಿಸಬೇಕು." "ನೀರು ಕಡಿಮೆ" ಬಿಟ್ಟೆ, ಹೂಳು ಅಂದ ಮೇಲೆ ಅದು ಒಳಗೇ ಬಂತು. ಮೂರಕ್ಕಿಂತ ಜಾಸ್ತಿ ವಿಷಯ ಇದ್ದರೆ ಎರಡನ್ನು ಕೂಡಿಸಲಿ, ಇಲ್ಲವೇ ಇನ್ನೊಂದು ಪ್ಯಾರಾಕ್ಕೆ ಕಳಿಸಲಿ. ಸುಮ್ನೆ ಮೂರು ಮಾಡೋಕೆ ಇಲ್ಲದ ಮೂರನೆಯದನ್ನು ಸೇರಿಸುವುದೂ ಬೇಡ, ಪೊಳ್ಳು ಅಂತ ಕೂಡಲೇ ಗೊತ್ತಾಗುತ್ತದೆ.

ಕಡೂರು:
ಎಲ್ಲಾ ಸರಿ, ಇಷ್ಟಕ್ಕೆ ಟ್ರೈಕೋಲನ್ ಅಂತಲೇ ಬರೆದರೆ ಏನು ಕಷ್ಟ? ಬಸ್ಸು, ಫ್ಲೆಕ್ಸು ಎಲ್ಲಾ ಒಪ್ಪಿಕೊಂಡಿದ್ದೇವೆ.

ಸಕಲೇಶಪುರ:
ಬಸ್ಸು ಜನರೇ ತಂದ ಪದ. ಟ್ರೈಕೋಲನ್ ಕೈಪಿಡಿಯಿಂದ ಇಳಿದದ್ದು. ಎರಡೂ ಒಂದೇ ಅನ್ನುವವರ ಹತ್ತಿರ ನನಗೆ ಚರ್ಚೆ ಬೇಡ.

ಬೇಲೂರು, ನಿವೃತ್ತ ಮೇಷ್ಟ್ರು:
ಜನ ತಂದದ್ದೇ ಬೇಕು ಅಂದರೆ ಮುಪ್ಪುರಿಯನ್ನು ಈ ಅರ್ಥದಲ್ಲಿ ಯಾವ ಜನ ಬಳಸಿದ್ದಾರಪ್ಪ? ನೀವು ಇವತ್ತು ಮಧ್ಯಾಹ್ನ ಮಾಡಿದ್ದು. ಮಾಡಿದ್ದು ತಪ್ಪಲ್ಲ. ಆದರೆ ಎರವಲಿಗೆ ಒಂದು ನ್ಯಾಯ, ಕಟ್ಟಿದ ಪದಕ್ಕೆ ಇನ್ನೊಂದು ನ್ಯಾಯ ಮಾಡಬೇಡಿ.

ಅರಸೀಕೆರೆ, ಕನ್ನಡ ಟೀಚರ್:
ಪ್ರಿಂಟರಿಗೆ *ಮುಪ್ಪುರಿ*, *ಎದುರುಬದುರು* ಕಳಿಸಿದೆ. ಎರಡನೆಯದಕ್ಕೆ ಸದ್ಯ *ಮರಳಿಕೆ* ಅಂತ ಹಾಕಿದ್ದೇನೆ, ಕೆಳಗೆ ಇವನಾರವ ಸಾಲು. ಮೊದಲಿನ ಮರಳಿಕೆಗೂ ಕೊನೆಯ ಮರಳಿಕೆಗೂ ಬೇರೆ ಬೇರೆ ಪದ ಬೇಕೇ ಬೇಕು ಅನಿಸುತ್ತಿದೆ, ಯಾರಾದರೂ ಹೇಳಿ.

ಸಕಲೇಶಪುರ:
ತಲೆಮರಳಿ, ಕೊನೆಮರಳಿ.

ಬೇಲೂರು, ನಿವೃತ್ತ ಮೇಷ್ಟ್ರು:
ಗಿಡದ ಹೆಸರಿನ ಹಾಗಿದೆ. ಬೇಡ.